ಕೊಂಡ ಬೆಲೆಯೆಂಬ ಗೂಟ

ಗೂಟಕ್ಕೆ ಕಟ್ಟಿದ ದನವು ಹಗ್ಗವಿದ್ದಷ್ಟು ದೂರವೇ ಮೇಯುತ್ತದೆ. ಗೂಟವನ್ನು ಯಾರು ನೆಟ್ಟರು, ಅದನ್ನು ಹುಲ್ಲಿರುವಲ್ಲಿ ನೆಟ್ಟರೋ ಕಲ್ಲಿರುವಲ್ಲಿ ನೆಟ್ಟರೋ ಎಂದು ದನವು ವಿಚಾರಿಸುವುದಿಲ್ಲ. ಷೇರುಗಳ ವಿಷಯದಲ್ಲಿ ನಮ್ಮ ಜನರ ವಿವೇಚನೆಯೂ ಇಂತಹ ಎರಡು ಗೂಟಗಳಿಗೆ ಕಟ್ಟುಬಿದ್ದಿರುವುದನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಒಂದು, ತಾನು ಕೊಂಡ ಬೆಲೆ. ಇನ್ನೊಂದು, ಕಳೆದ 52 ವಾರಗಳಲ್ಲಿ ಆ ಷೇರು ಮುಟ್ಟಿದ ಅತ್ಯುಚ್ಚ ಬೆಲೆ. ಇಂದಿನ ಬೆಲೆ ಇವೆರಡರಲ್ಲೊಂದಕ್ಕಿಂತ ಬಹಳ ಕೆಳಗಿದ್ದರೆ ಷೇರು ಅಗ್ಗ, ಹತ್ತಿರವಿದ್ದರೆ ತುಟ್ಟಿ. ಇದೇ ನಮ್ಮವರ ಲೆಕ್ಕಶಾಸ್ತ್ರ. ಈ ಶಾಸ್ತ್ರಕ್ಕೆ ಆಧಾರವೇನು? ಆಧಾರವೇ ಇಲ್ಲವೆಂಬುದನ್ನು ನಮ್ಮ ಕಾಫಿಯ ಬೆಟ್ಟಗಳಲ್ಲೇ ನಡೆದ ಒಂದು ವೃತ್ತಾಂತದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಆ ವೃತ್ತಾಂತವಾವುದೆಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ವಾಚಕರು ಈಗಾಗಲೇ ಊಹಿಸಿರಬಹುದು. ಕಾಫಿ ಡೇ ಎಂಟರ್‌ಪ್ರೈಸಸ್ ಕಂಪೆನಿಯು ತನ್ನ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟದ್ದು 2015ನೆಯ ಇಸವಿಯ ಅಕ್ಟೋಬರಿನಲ್ಲಿ. ನಮ್ಮ ಜಿಲ್ಲೆಯ ತೋಟದ ಮನೆತನವೊಂದರಿಂದ ಬಂದ ಶ್ರೀ ವಿ. ಜಿ. ಸಿದ್ಧಾರ್ಥ ಅವರು ಕಟ್ಟಿ ಬೆಳೆಸಿದ ಸಂಸ್ಥೆಯದು. 316ರಿಂದ 328 ರೂಪಾಯಿಗಳ ಮಿತಿಯೊಳಗೆ ಅರ್ಜಿಗಳನ್ನು ಕರೆದು, ಕೊನೆಗೆ 328 ರೂಪಾಯಿಗೆ ಬೆಲೆಯನ್ನು ನಿಗದಿಮಾಡಿ, 1,150 ಕೋಟಿ ರೂಪಾಯಿಗಳನ್ನು ಎತ್ತಿದರು. ಅದರಲ್ಲೊಂದು ಭಾಗ ಸಾಲ ತೀರಿಸುವುದಕ್ಕೆಂದೇ ಮೀಸಲಾಗಿತ್ತು. ನವೆಂಬರ್ 2ರಂದು ಷೇರು ಪೇಟೆಗೆ ಬಂದಿತು. ಮೊದಲ ದಿನವೇ ನಿಗದಿಯಾದ ಬೆಲೆಗಿಂತ ಬಹಳ ಕೆಳಗೆ ಮುಗಿಯಿತು.

ಈ 328 ಎಂಬ ಸಂಖ್ಯೆಯನ್ನು ವಾಚಕರು ಗಮನದಲ್ಲಿಡಬೇಕು. ಇದು ಎಲ್ಲಿಂದ ಬಂದಿತು? ಕಂಪೆನಿಯವರೂ ಅವರ ಹಣಕಾಸಿನ ಮಧ್ಯಸ್ಥರೂ ಕುಳಿತು, ಆ ವಾರದಲ್ಲಿ ಕೊಳ್ಳುವವರು ಎಷ್ಟು ಕೊಟ್ಟಾರು ಎಂದು ಅಂದಾಜು ಮಾಡಿದ್ದರಿಂದ ಬಂದಿತು. ಅಂದು ಆ ಬೆಲೆಗೆ ಕೊಳ್ಳುವವರು ಸಿಕ್ಕಿದರೆಂಬುದೊಂದೇ ಅದಕ್ಕಿದ್ದ ಪ್ರಮಾಣ. ಆದರೆ ಅಂದು ಅರ್ಜಿ ಹಾಕಿ ಕೊಂಡವನ ಮನಸ್ಸಿನಲ್ಲಿ ಅದು ಷೇರಿನ ನಿಜವಾದ ಯೋಗ್ಯತೆಯೆಂಬಂತೆ ನಾಟಿಕೊಂಡಿತು. ಅಲ್ಲಿಂದ ಮುಂದೆ ಬೆಲೆ 270 ಆದರೆ 58 ರೂಪಾಯಿ ಕಡಿಮೆ, 200 ಆದರೆ 128 ರೂಪಾಯಿ ಕಡಿಮೆ. ಎಲ್ಲ ಅಳತೆಯೂ ಅದೊಂದೇ ಗೂಟದಿಂದ.

ಮನುಷ್ಯನ ಮನಸ್ಸು ಹೀಗೆ ಕಟ್ಟುಬೀಳುವುದು ಮಲೆನಾಡಿನವರ ವಿಶೇಷ ದೌರ್ಬಲ್ಯವೇನಲ್ಲ. ಟ್ವರ್ಸ್ಕಿ ಮತ್ತು ಕಾಹ್ನೆಮನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಂಕಿಗಳನ್ನು ಬರೆದ ಒಂದು ಚಕ್ರವನ್ನು ಜನರ ಕಣ್ಣೆದುರಿಗೇ ತಿರುಗಿಸಿ, ಅದು ನಿಂತ ಅಂಕಿಯನ್ನು ನೋಡಿಕೊಳ್ಳಹೇಳಿ, ಅನಂತರ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ರಾಷ್ಟ್ರಗಳು ನೂರಕ್ಕೆ ಎಷ್ಟಿವೆಯೆಂದು ಕೇಳಿದರು. ಚಕ್ರವು 10ರಲ್ಲಿ ನಿಂತುದನ್ನು ಕಂಡವರ ಉತ್ತರ ಸಾಮಾನ್ಯವಾಗಿ 25ರ ಹತ್ತಿರ. 65ರಲ್ಲಿ ನಿಂತುದನ್ನು ಕಂಡವರ ಉತ್ತರ 45ರ ಹತ್ತಿರ. ಚಕ್ರಕ್ಕೂ ಆಫ್ರಿಕಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಮೊದಲು ಕಿವಿಗೆ ಬಿದ್ದ ಅಂಕಿಯಿಂದ ಮನಸ್ಸು ಬಹಳ ದೂರ ಹೋಗಲಾರದಾಯಿತು. ಸಂಬಂಧವಿಲ್ಲದ ಅಂಕಿಯೇ ಇಷ್ಟು ಬಲವಾಗಿ ಹಿಡಿಯುವುದಾದರೆ, ತಾನು ಕಷ್ಟಪಟ್ಟು ಗಳಿಸಿದ ಹಣವನ್ನು ಎಣಿಸಿಕೊಟ್ಟ ಅಂಕಿಯು ಎಷ್ಟು ಬಲವಾಗಿ ಹಿಡಿದೀತು!

ಸೋಜಿಗವೇನೆಂದರೆ, ಷೇರಿನಲ್ಲಿ ಹೀಗೆ ಮೋಸಹೋಗುವ ಬೆಳೆಗಾರನು ಕಾಫಿಯ ಮೂಟೆಯ ವಿಷಯದಲ್ಲಿ ಎಂದೂ ಮೋಸಹೋಗುವುದಿಲ್ಲ. ರೊಬಸ್ಟಾ ಚೆರಿಯ ವ್ಯಾಪಾರವನ್ನೇ ನೋಡೋಣ. ವ್ಯಾಪಾರಿಯು ಮೂಟೆಯನ್ನು ಕಂಡೊಡನೆ ಬೆಲೆ ಹೇಳುವುದಿಲ್ಲ. ಮಾದರಿಯನ್ನು ತೆಗೆದು, ಸಿಪ್ಪೆ ಬಿಡಿಸಿ, ಕಪ್ಪು ಕಾಳುಗಳನ್ನೂ ತೇವವನ್ನೂ ನೋಡಿ, 50 ಕೆ.ಜಿ. ಚೆರಿಯಿಂದ ಎಷ್ಟು ಕೆ.ಜಿ. ಶುದ್ಧ ಬೀಜ ಹೊರಡುವುದೆಂದು ಲೆಕ್ಕಹಾಕುತ್ತಾನೆ. ಇದನ್ನೇ ನಾವು ಔಟ್‌ಟರ್ನ್ ಎನ್ನುತ್ತೇವೆ, ಆಡುಮಾತಿನಲ್ಲಿ ಓಟಿ. ಉದಾಹರಣೆಗಾಗಿ ಎರಡು ಮೂಟೆಗಳನ್ನು ಕಲ್ಪಿಸಿಕೊಳ್ಳಿರಿ. ಮೊದಲನೆಯದಕ್ಕೆ ಹಿಂದೆ 12,000 ರೂಪಾಯಿ ಕೇಳುತ್ತಿದ್ದವನು ಈಗ 9,600ಕ್ಕೆ ಇಳಿಸಿದ್ದಾನೆ. ಅದರ ಓಟಿ 24. ಎರಡನೆಯದಕ್ಕೆ ಒಂದು ಕಾಸನ್ನೂ ಇಳಿಸದೆ 10,640 ಕೇಳುತ್ತಾರೆ. ಅದರ ಓಟಿ 28. ಇಳಿಕೆಯನ್ನು ನೋಡುವವನು ಮೊದಲನೆಯ ಮೂಟೆಗೆ ಕೈಹಾಕುವನು. ಆದರೆ ಅಲ್ಲಿ ಒಂದು ಕೆ.ಜಿ. ಬೀಜಕ್ಕೆ ಬೀಳುವುದು 400 ರೂಪಾಯಿ, ಎರಡನೆಯದರಲ್ಲಿ 380. ಇಳಿಸಿದ ಮೂಟೆಯೇ ತುಟ್ಟಿ! ಇದನ್ನು ನಮ್ಮ ಮಲೆನಾಡಿನಲ್ಲಿ ಯಾರಿಗಾದರೂ ಕಲಿಸಿಕೊಡಬೇಕೆ? ಹಾಗಿದ್ದರೂ ಷೇರಿನ ವಿಷಯ ಬಂದೊಡನೆ ಓಟಿಯನ್ನು ಮರೆತು, ಎಷ್ಟು ಇಳಿಸಿದ್ದಾರೆ ಎಂಬುದನ್ನೇ ಕೇಳುತ್ತೇವೆ.

ಷೇರಿನ ಓಟಿಯಾದರೂ ಯಾವುದು? ಕಂಪೆನಿಯು ದುಡಿದುದರಲ್ಲಿ ಸಾಲಗಾರರ ಬಡ್ಡಿಯನ್ನೂ ಅಸಲನ್ನೂ ಕೊಟ್ಟು ಷೇರುದಾರನ ಪಾಲಿಗೆ ಉಳಿಯುವುದೇ ಅದು. ಈ ಅಳತೆಯನ್ನು ಹಿಡಿದುಕೊಂಡು 2019ನೆಯ ಇಸವಿಯ ಜುಲೈ 29ಕ್ಕೆ ಬರೋಣ. ಅಂದು ಮುಂಬಯಿ ಪೇಟೆಯಲ್ಲಿ ಕಾಫಿ ಡೇ ಷೇರು 192 ರೂಪಾಯಿ 55 ಪೈಸೆಗೆ ಮುಗಿಯಿತು. ಗೂಟವನ್ನು ನಂಬಿದವನ ಲೆಕ್ಕ ಸುಲಭ: 328ರ ಸರಕು ನೂರಕ್ಕೆ 41ರಷ್ಟು ರಿಯಾಯಿತಿಯಲ್ಲಿ ದೊರೆಯುತ್ತಿದೆ. ಓಟಿ ನೋಡುವವನ ಲೆಕ್ಕ ಬೇರೆ. ಒಟ್ಟು ಷೇರುಗಳು ಸುಮಾರು 21 ಕೋಟಿ 12 ಲಕ್ಷ. ಆದುದರಿಂದ ಪೇಟೆಯು ಷೇರುದಾರರ ಪಾಲಿಗೆ ಕಟ್ಟಿದ ಬೆಲೆ ಸುಮಾರು 4,070 ಕೋಟಿ. ಅದೇ ವರ್ಷದ ಮಾರ್ಚ್ ಕೊನೆಗೆ ಕಂಪೆನಿಯ ಸಮೂಹಕ್ಕಿದ್ದ ಸಾಲ ಸುಮಾರು 7,200 ಕೋಟಿ. ಮೈಂಡ್‌ಟ್ರೀ ಕಂಪೆನಿಯಲ್ಲಿದ್ದ ಪಾಲನ್ನು ಲಾರ್ಸನ್ ಅಂಡ್ ಟೂಬ್ರೋದವರಿಗೆ ಮಾರಿದ್ದರಿಂದ ಆ ಬೇಸಗೆಯಲ್ಲಿ ಸುಮಾರು 3,200 ಕೋಟಿ ಬಂದಿತು. ಅಷ್ಟನ್ನೂ ಸಾಲಕ್ಕೇ ಜಮಾ ಮಾಡಿದರೆಂದು ಉದಾರವಾಗಿ ಎಣಿಸಿದರೂ 4,000 ಕೋಟಿ ಸಾಲ ಉಳಿಯಿತು.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಅಂಗಡಿಗಳು, ಯಂತ್ರಗಳು, ಕಟ್ಟಡಗಳು, ಇತರ ವ್ಯವಹಾರಗಳು ಎಲ್ಲ ಸೇರಿ ಈ ಸಂಸಾರಕ್ಕೆ ಪೇಟೆಯು ಕಟ್ಟಿದ ಬೆಲೆ ಸ್ಥೂಲವಾಗಿ 8,000 ಕೋಟಿ. ಅದರಲ್ಲಿ ಅರ್ಧ ಸಾಲ ಕೊಟ್ಟವರದು, ಅರ್ಧ ಷೇರುದಾರರದು. ಸಾಲ ಕೊಟ್ಟವರ ಪಾಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ; ನಷ್ಟವೇನಿದ್ದರೂ ಮೊದಲು ಷೇರುದಾರನ ತಲೆಗೆ. ಒಟ್ಟು ಆಸ್ತಿಯ ಬೆಲೆಯಲ್ಲಿ ನೂರಕ್ಕೆ 10ರಷ್ಟು ತಪ್ಪು ಎಣಿಕೆಯಿದ್ದರೆ, ಎಂದರೆ 800 ಕೋಟಿ ಕಡಿಮೆಯಾದರೆ, ಷೇರುದಾರನ 4,000 ಕೋಟಿಯಲ್ಲಿ ನೂರಕ್ಕೆ 20 ಹೋಯಿತು. ನೂರಕ್ಕೆ 25ರಷ್ಟು ತಪ್ಪಿದ್ದರೆ ಅವನ ಅರ್ಧವೇ ಹೋಯಿತು. ಇಂತಹ ಸಂಸ್ಥೆಯಲ್ಲಿ ಷೇರಿನ ಬೆಲೆ 192 ಆಗಿದ್ದಾಗ ಕೇಳಬೇಕಾದ ಪ್ರಶ್ನೆ, ಆಸ್ತಿಯ ಎಣಿಕೆ ಸರಿಯಾಗಿದೆಯೆ, ಸಾಲಕ್ಕೆ ಬಡ್ಡಿ ಕೊಡುವಷ್ಟು ಹಣ ವ್ಯಾಪಾರದಿಂದ ಬರುತ್ತಿದೆಯೆ ಎಂಬುದು. ಈ ಪ್ರಶ್ನೆಗೆ 328 ಎಂಬ ಸಂಖ್ಯೆಯಲ್ಲಿ ಯಾವ ಉತ್ತರವಿದೆ?

ಆ ರಾತ್ರಿ ನಡೆದ ದುರಂತವನ್ನು ನಾಡೇ ಬಲ್ಲದು. ಸಿದ್ಧಾರ್ಥ ಅವರು ಮಂಗಳೂರಿನ ಬಳಿ ನೇತ್ರಾವತಿಯ ಸೇತುವೆಯಲ್ಲಿ ಕಾಣೆಯಾದರು. ಜುಲೈ 31ರಂದು ಅವರ ದೇಹ ದೊರೆಯಿತು. ಸಾವಿರಾರು ಜನರಿಗೆ ಅನ್ನದ ದಾರಿ ತೋರಿಸಿದ ಒಬ್ಬರ ಮರಣದ ವಿಷಯದಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಇಲ್ಲಿ ನಮಗೆ ಬೇಕಾದುದು ಬೆಲೆಯ ನಡೆ ಮಾತ್ರ. ಜುಲೈ 30ರಂದು ಒಂದು ದಿನಕ್ಕೆ ಅನುಮತಿಸಿದಷ್ಟು, ಅಂದರೆ ನೂರಕ್ಕೆ 20, ಇಳಿದು ಬೆಲೆ 154 ರೂಪಾಯಿ 5 ಪೈಸೆಗೆ ನಿಂತಿತು. ಮರುದಿನ ಮತ್ತೆ ನೂರಕ್ಕೆ 20 ಇಳಿದು 123 ರೂಪಾಯಿ 25 ಪೈಸೆಯಾಯಿತು. ಆಮೇಲೂ ಇಳಿಯುತ್ತಲೇ ಹೋಗಿ 50 ರೂಪಾಯಿಗೂ ಕೆಳಗಾಯಿತು.

ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಗೂಟವು ಅದೇ ಮಾತನ್ನು ಹೇಳುತ್ತಿತ್ತು: ಈಗ ಇನ್ನೂ ಅಗ್ಗ. ಇದನ್ನು ನಂಬಿ ಸರಾಸರಿ ಇಳಿಸುವೆನೆಂದು ಹೊರಟವನ ಗತಿಯನ್ನು ಲೆಕ್ಕದಿಂದಲೇ ನೋಡೋಣ. 328ರಂತೆ 100 ಷೇರು ಕೊಂಡವನು ಹಾಕಿದ ಹಣ 32,800. ಬೆಲೆ 192.55 ಆದಾಗ ಇನ್ನು 100, 123.25 ಆದಾಗ ಇನ್ನು 100 ಕೊಂಡನೆನ್ನಿ. ಒಟ್ಟು ಹಾಕಿದ ಹಣ 64,380, ಷೇರು 300, ಸರಾಸರಿ ಬೆಲೆ 214 ರೂಪಾಯಿ 60 ಪೈಸೆ. 328 ಇದ್ದುದು 214 ಆಯಿತಲ್ಲಾ ಎಂದು ಅವನಿಗೆ ಸಮಾಧಾನ. ಆದರೆ ಬೆಲೆ 50ಕ್ಕೆ ಬಂದಾಗ ಆ 300 ಷೇರಿಗೆ ದೊರೆಯುವುದು 15,000, ನಷ್ಟ 49,380. ಸುಮ್ಮನೆ 100 ಷೇರನ್ನೇ ಇಟ್ಟುಕೊಂಡು ಕುಳಿತಿದ್ದರೆ ನಷ್ಟ 27,800. ಸರಾಸರಿ ಇಳಿಯಿತು, ನಷ್ಟ ಏರಿತು! ಸರಾಸರಿಯೆಂಬುದು ಕೊಂಡವನ ಪುಸ್ತಕದ ಅಂಕಿ. ಕಂಪೆನಿಯ ಸಾಲವು ಅದರಿಂದ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಭ್ರಾಂತಿಯೂ ಇದರೊಡನೆಯೇ ಇದೆ. ನೂರಕ್ಕೆ 80ರಷ್ಟು ಬಿದ್ದ ಷೇರು ಇನ್ನೆಷ್ಟು ತಾನೆ ಬಿದ್ದೀತು ಎನ್ನುತ್ತಾರೆ. 328ರಿಂದ ನೂರಕ್ಕೆ 80 ಕಳೆದರೆ 65 ರೂಪಾಯಿ 60 ಪೈಸೆ. ನೂರಕ್ಕೆ 90 ಕಳೆದರೆ 32 ರೂಪಾಯಿ 80 ಪೈಸೆ. ಮೇಲಿನಿಂದ ನೋಡುವವನಿಗೆ ಎಂಬತ್ತಕ್ಕೂ ತೊಂಬತ್ತಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಎಂಬತ್ತರ ಮೆಟ್ಟಿಲಲ್ಲಿ ಕೊಂಡವನ ಹಣ ತೊಂಬತ್ತರ ಮೆಟ್ಟಿಲಿಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತದೆ. ಈ ಷೇರು ಆ ಎರಡು ಮೆಟ್ಟಿಲುಗಳನ್ನೂ ದಾಟಿ ಹೋಯಿತು.

ಹಾಗಾದರೆ ಓಟಿ ನೋಡಿದವನಿಗೆ ಎಲ್ಲವೂ ತಿಳಿಯುತ್ತಿತ್ತೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲವೂ ತಿಳಿಯುತ್ತಿರಲಿಲ್ಲ. ಕಂಪೆನಿಯು ನೇಮಿಸಿದ ತನಿಖೆಯ ವರದಿಯು 2020ನೆಯ ಇಸವಿಯ ಜುಲೈನಲ್ಲಿ ಹೊರಬಂದಿತು. ಪ್ರವರ್ತಕರ ಕುಟುಂಬಕ್ಕೆ ಸಂಬಂಧಪಟ್ಟ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಖಾಸಗಿ ಸಂಸ್ಥೆಯು ಕಾಫಿ ಡೇಯ ಅಂಗಸಂಸ್ಥೆಗಳಿಗೆ 2019ರ ಜುಲೈ 31ರಂದು 3,535 ಕೋಟಿ ರೂಪಾಯಿ ಕೊಡಬೇಕಾಗಿತ್ತೆಂದು ಅದು ತಿಳಿಸಿತು. ಇದರಲ್ಲಿ 842 ಕೋಟಿ ಮಾರ್ಚ್ ಕೊನೆಯ ಲೆಕ್ಕಪತ್ರದಲ್ಲಿಯೇ ಕಾಣಿಸಿತ್ತು. ಉಳಿದ 2,693 ಕೋಟಿ ಕಾಣಿಸಿರಲಿಲ್ಲ. ಷೇರೊಂದಕ್ಕೆ ಹಂಚಿದರೆ ಕಾಣುತ್ತಿದ್ದುದು ಸುಮಾರು 40 ರೂಪಾಯಿ, ಕಾಣದಿದ್ದುದು ಸುಮಾರು 127 ರೂಪಾಯಿ, ಒಟ್ಟು 167 ರೂಪಾಯಿ. ಅಂಗಸಂಸ್ಥೆಗಳೆಲ್ಲ ಪೂರ್ತಿಯಾಗಿ ಕಂಪೆನಿಯವೇ ಅಲ್ಲದುದರಿಂದ ಈ ಹಂಚಿಕೆ ಸ್ಥೂಲವಾದುದೆಂಬುದನ್ನೂ ಹೇಳಬೇಕು. ಆದರೂ 192 ರೂಪಾಯಿಯ ಷೇರಿನಲ್ಲಿ 167 ರೂಪಾಯಿಯಷ್ಟು ಬರಬೇಕಾದ ಬಾಕಿಯೆಂದರೆ ಸಾಮಾನ್ಯವೆ?

ಕಾಣದಿದ್ದುದನ್ನು ಸಣ್ಣ ಷೇರುದಾರನು ಕಾಣಬೇಕಾಗಿತ್ತೆಂದು ನಾವು ಹೇಳುವುದಿಲ್ಲ, ಅದು ಅನ್ಯಾಯ. ಆದರೆ ಸಾಲದ ಗಾತ್ರ ಕಾಣುತ್ತಿತ್ತು. ಸ್ವಂತದವರ ಸಂಸ್ಥೆಯಿಂದ 842 ಕೋಟಿ ಬರಬೇಕಾಗಿರುವುದೂ ಕಾಣುತ್ತಿತ್ತು. ಇವೆರಡನ್ನು ಕಂಡವನು ತನ್ನ ಹಣದಲ್ಲಿ ಎಷ್ಟನ್ನು ಇಂತಹ ಕಡೆ ಇಡಬಹುದೆಂದು ತೂಗಿನೋಡುತ್ತಿದ್ದನು. ಗೂಟವನ್ನು ನೋಡುತ್ತಿದ್ದವನಿಗಾದರೋ ಕಾಣುತ್ತಿದ್ದುದೂ ಕಾಣಲಿಲ್ಲ. ಮತ್ತು ಇಲ್ಲಿಯೇ ಒಂದು ಸೂಕ್ಷ್ಮವಾದ ಬಲೆಯಿದೆ. ಈ 167ನ್ನು ತಿಳಿದ ಕೂಡಲೆ ಕೆಲವರು 328ರಿಂದ ಅದನ್ನು ಕಳೆದು, ಹಾಗಾದರೆ ಷೇರಿನ ಯೋಗ್ಯತೆ 161 ಎಂದು ಹೇಳುವರು. ಇದು ಹಗ್ಗವನ್ನು ಮೊಟಕುಮಾಡಿ ಗೂಟವನ್ನು ಅಲ್ಲಿಯೇ ಬಿಟ್ಟಂತೆ. ಕಳೆಯುವುದಿದ್ದರೆ ಆಸ್ತಿಯಿಂದ ಕಳೆಯಬೇಕೇ ಹೊರತು ಹಳೆಯ ಬೆಲೆಯಿಂದಲ್ಲ.

ಇನ್ನು 52 ವಾರಗಳ ಅತ್ಯುಚ್ಚ ಬೆಲೆಯೆಂಬ ಎರಡನೆಯ ಗೂಟ. ಪತ್ರಿಕೆಗಳ ಷೇರುಪಟ್ಟಿಯಲ್ಲಿ ಇದಕ್ಕೊಂದು ಅಂಕಣವೇ ಇತ್ತು; ಈಗ ಕೈಯಲ್ಲಿರುವ ಮೊಬೈಲಿನಲ್ಲಿಯೂ ಷೇರಿನ ಹೆಸರು ಒತ್ತಿದೊಡನೆ ಅದೇ ಎದುರಿಗೆ ನಿಲ್ಲುತ್ತದೆ. ಕಣ್ಣಿಗೆ ಸುಲಭವಾಗಿ ಬೀಳುವುದೇ ಅದರ ಶಕ್ತಿ. ಅದು ಒಂದು ದಿನದ, ಒಮ್ಮೊಮ್ಮೆ ಒಂದು ಕ್ಷಣದ, ಯಾರೋ ಇಬ್ಬರ ನಡುವಣ ವ್ಯಾಪಾರ. ಆ ಬೆಲೆಗೆ ಎಷ್ಟು ಷೇರು ಕೈಬದಲಾಯಿತೆಂಬುದನ್ನು ಕೂಡ ಅದು ತಿಳಿಸುವುದಿಲ್ಲ. ಇನ್ನು 52 ಎಂಬುದು ಪಂಚಾಂಗದ ಲೆಕ್ಕವೇ ಹೊರತು ವ್ಯಾಪಾರದ ಲೆಕ್ಕವಲ್ಲ. 51ನೆಯ ವಾರದಲ್ಲಿ ಮಹತ್ವವಿದ್ದ ಬೆಲೆ 53ನೆಯ ವಾರದಲ್ಲಿ ಅಳಿಸಿಹೋಗಬೇಕಾದರೆ ನಡುವೆ ಕಂಪೆನಿಯಲ್ಲಿ ಏನಾಗಿರುತ್ತದೆ? ಏನೂ ಆಗಿರಬೇಕಾಗಿಲ್ಲ.

ಇದಕ್ಕೂ ಕಾಫಿ ಡೇಯ ಷೇರೇ ಒಳ್ಳೆಯ ಸಾಕ್ಷಿ. ಮೂರು ಮೂರು ತಿಂಗಳ ಲೆಕ್ಕವನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸಲಿಲ್ಲವೆಂದು 2020ನೆಯ ಇಸವಿಯ ಫೆಬ್ರವರಿ 3ರಿಂದ ಪೇಟೆಗಳು ಅದರ ವ್ಯವಹಾರವನ್ನು ನಿಲ್ಲಿಸಿದವು. ಮರಳಿ ಆರಂಭವಾದದ್ದು 2021ರ ಏಪ್ರಿಲ್ 26ರಂದು. ನಡುವೆ ಕಳೆದುದು 64 ವಾರ. ಎಂದರೆ ಆ ಏಪ್ರಿಲಿನ ಬೆಳಗ್ಗೆ ಹಿಂದಿನ 52 ವಾರಗಳನ್ನು ಹುಡುಕಿದರೆ ಎಂದಿನಂತಹ ವ್ಯಾಪಾರ ಇರಲಿಲ್ಲ. ನಂಬತಕ್ಕ ಅತ್ಯುಚ್ಚ ಬೆಲೆಯೂ ಇಲ್ಲ, ಅತಿನೀಚ ಬೆಲೆಯೂ ಇಲ್ಲ! ಈ 64 ವಾರಗಳಲ್ಲಿ ಕಂಪೆನಿ ಸುಮ್ಮನಿತ್ತೆ? ಇಲ್ಲ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಎಂಬ ತಾಂತ್ರಿಕ ಉದ್ಯಾನದ ಮಾರಾಟದಿಂದ ಬಂದ ಹಣ ಸಾಲಕ್ಕೆ ಸಂದಾಯವಾಗುತ್ತಿತ್ತು. ಅನೇಕ ಕಾಫಿ ಅಂಗಡಿಗಳು ಮುಚ್ಚಿದುವು. ಮಹಾಮಾರಿಯ ಕಾಲದಲ್ಲಿ ಉಳಿದ ಅಂಗಡಿಗಳಿಗೂ ಜನ ಬಾರದಾದರು. ತನಿಖೆಯ ವರದಿ ಹೊರಬಂದಿತು. ಸಾಲವು 2021ರ ಮಾರ್ಚ್ ಹೊತ್ತಿಗೆ 2,000 ಕೋಟಿಗಿಂತ ಕೆಳಗಿಳಿಯಿತು. ಷೇರಿನ ಯೋಗ್ಯತೆಯನ್ನು ನಿಜವಾಗಿ ಏರಿಸುವ, ಇಳಿಸುವ ಸಂಗತಿಗಳೆಲ್ಲ ನಡೆಯುತ್ತಿದ್ದಾಗ ಗೂಟದ ಅಂಕಣ ಬಹುಮಟ್ಟಿಗೆ ಬರಿದಾಗಿತ್ತು. ಅಂಕಣವು ಮತ್ತೆ ತುಂಬಿಕೊಂಡಾಗ ಅದರಲ್ಲಿ ಕುಳಿತ ಅಂಕಿಗೆ ಈ ಸಂಗತಿಗಳ ಪರಿಚಯವೇ ಇರಲಿಲ್ಲ. ಹಳೆಯ ಉಚ್ಚ ಬೆಲೆಯಿಂದ ಷೇರು ಅಗ್ಗವೆಂದು ತೀರ್ಮಾನಿಸುವ ಮಹನೀಯರು ಆ ದಿನ ಏನನ್ನು ನೋಡಿ ತೀರ್ಮಾನಿಸುತ್ತಿದ್ದರು? ಲೆಕ್ಕಪತ್ರವನ್ನೇ ನೋಡಬೇಕಾಗುತ್ತಿತ್ತು. ಆ ದಿನ ನೋಡಬೇಕಾದುದನ್ನು ಉಳಿದ ದಿನಗಳಲ್ಲಿಯೂ ನೋಡಿದರೆ ಸಾಕು.

ಇಳಿದ ಷೇರುಗಳ ಮಾತಾಯಿತು. ಗೂಟವು ಏರುವ ಷೇರಿನಲ್ಲಿಯೂ ಅಷ್ಟೇ ಕೆಡುಕು ಮಾಡುತ್ತದೆ. ಅತ್ಯುಚ್ಚ ಬೆಲೆಯ ಹತ್ತಿರವಿರುವ ಷೇರು ತುಟ್ಟಿಯೆಂದು ಕೊಳ್ಳದೆ ಬಿಡುವವರು, ಕೊಂಡ ಬೆಲೆಗಿಂತ ಸ್ವಲ್ಪ ಏರಿದೊಡನೆ ಮಾರುವವರು ನಮ್ಮಲ್ಲಿ ಬಹಳ. ಜಾರ್ಜ್ ಮತ್ತು ಹ್ವಾಂಗ್ ಎಂಬ ಪಂಡಿತರು 2004ರಲ್ಲಿ ಅಮೆರಿಕದ ಷೇರುಗಳ ಅನೇಕ ದಶಕಗಳ ಬೆಲೆಗಳನ್ನು ಪರಿಶೀಲಿಸಿ, 52 ವಾರಗಳ ಅತ್ಯುಚ್ಚದ ಹತ್ತಿರವಿದ್ದ ಷೇರುಗಳು ಆಮೇಲಿನ ತಿಂಗಳುಗಳಲ್ಲಿ ಸರಾಸರಿಯಾಗಿ ಅದರಿಂದ ದೂರವಿದ್ದ ಷೇರುಗಳಿಗಿಂತ ಚೆನ್ನಾಗಿ ನಡೆದುವೆಂದು ತೋರಿಸಿದರು. ಒಳ್ಳೆಯ ಸುದ್ದಿ ಬಂದಾಗಲೂ ಜನರು ಆ ಅಂಕಿಯನ್ನು ದಾಟಿ ಬೆಲೆ ಕೊಡಲು ಹಿಂಜರಿಯುತ್ತಾರೆ. ಸುದ್ದಿಯ ಬಲ ಕ್ರಮೇಣ ಗೆಲ್ಲುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅಲ್ಲಿಯ ಸರಾಸರಿ ಇಲ್ಲಿಯ ಒಂದೊಂದು ಷೇರಿಗೂ ಹೊಂದಬೇಕೆಂದು ನಾವು ಹೇಳುವುದಿಲ್ಲ. ಉಚ್ಚ ಬೆಲೆಯ ಹತ್ತಿರವಿರುವುದನ್ನೆಲ್ಲ ಕೊಳ್ಳಿರೆಂದೂ ಹೇಳುವುದಿಲ್ಲ. ಉಚ್ಚದಿಂದ ದೂರವಾದಷ್ಟೂ ಅಗ್ಗವೆಂಬ ನಂಬಿಕೆಗೆ ಅನುಭವದ ಬೆಂಬಲವಿಲ್ಲವೆಂಬಷ್ಟು ಮಾತ್ರ ಇದರಿಂದ ಗ್ರಹಿಸಬಹುದು.

ಕೊಂಡ ಬೆಲೆಯಾದರೂ ಬರಲಿ, ಆಮೇಲೆ ಮಾರುವೆನು ಎನ್ನುವವರಿಗೆ ನಮ್ಮ ಬೆಳೆಯ ಚರಿತ್ರೆಯೇ ಉತ್ತರ ಹೇಳುತ್ತದೆ. 1997ನೆಯ ಇಸವಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಕಾಫಿಯ ಬೆಲೆ ಪೌಂಡಿಗೆ 3 ಡಾಲರನ್ನು ಮೀರಿತ್ತು. 2001ರಲ್ಲಿ ಅದು ಅರ್ಧ ಡಾಲರಿಗಿಂತ ಕೆಳಗಿಳಿಯಿತು. 3 ಡಾಲರಿನ ಬೆಲೆ ಮತ್ತೆ ಕಂಡದ್ದು 2011ರಲ್ಲಿ. ಎಂದರೆ 14 ವರ್ಷಗಳ ಮೇಲೆ. ಹಳೆಯ ಬೆಲೆ ಬರಲೆಂದು ಗೋದಾಮಿನಲ್ಲಿ ಕಾಫಿಯನ್ನು ಇಟ್ಟುಕೊಂಡು 14 ವರ್ಷ ಕಾಯಲು ಯಾರಿಂದಾದೀತು? ಕಾಫಿಯಾದರೆ ಬಣ್ಣ ಕೆಟ್ಟು, ವಾಸನೆ ಹಿಡಿದು, ಇನ್ನು ಇಡಬಾರದೆಂದು ತಾನೇ ಹೇಳುತ್ತದೆ. ಷೇರು ಹಾಗೆ ಹೇಳುವುದಿಲ್ಲ. ಅದು ಕಾಗದದಲ್ಲಿ, ಈಗ ಕಾಗದವೂ ಇಲ್ಲದೆ ಲೆಕ್ಕದಲ್ಲಿ, ಇದ್ದಂತೆಯೇ ಇರುತ್ತದೆ. ಕಾಫಿಯಂತಹ ಬೆಳೆಗೆ ಬೇಡಿಕೆ ಮರಳಿ ಬರುವುದುಂಟು. ಸಾಲದಲ್ಲಿ ಮುಳುಗಿದ ಕಂಪೆನಿಗೆ ಹಳೆಯ ಬೆಲೆ ಮರಳಿ ಬರಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. 123 ರೂಪಾಯಿಯ ಷೇರು 328 ಆಗಬೇಕಾದರೆ ನೂರಕ್ಕೆ 166ರಷ್ಟು ಏರಬೇಕು. ಅದೇ 123 ರೂಪಾಯಿಯನ್ನು ತೆಗೆದು ಬೇರೆಡೆ ಇಟ್ಟರೆ ಅದು ಬೆಳೆಯುವ ಸಾಧ್ಯತೆ ಹೆಚ್ಚೋ ಕಡಿಮೆಯೋ ಎಂಬುದೇ ವಿಚಾರ ಮಾಡತಕ್ಕ ಮಾತು. ಕಳೆದುಕೊಂಡಲ್ಲಿಯೇ ಗಳಿಸಬೇಕೆಂಬ ಹಟ ಜೂಜುಗಾರನದು, ವ್ಯಾಪಾರಿಯದಲ್ಲ.

ಕೊಂಡ ಬೆಲೆಗೆ ಯಾವ ಉಪಯೋಗವೂ ಇಲ್ಲವೆ? ಒಂದು ಉಪಯೋಗವುಂಟು, ಅದು ಆದಾಯ ತೆರಿಗೆಯವರಿಗೆ ಲೆಕ್ಕ ಕೊಡುವಾಗ. ಮಾರಿದಾಗ ಲಾಭವೆಷ್ಟು, ನಷ್ಟವೆಷ್ಟು ಎಂಬುದು ಕೊಂಡ ಬೆಲೆಯಿಂದಲೇ ನಿರ್ಣಯವಾಗುತ್ತದೆ. 12 ತಿಂಗಳಿಗೆ ಮೀರಿ ಇಟ್ಟ ಷೇರಿನ ನಷ್ಟವನ್ನು ಅಂತಹದೇ ದೀರ್ಘಾವಧಿಯ ಲಾಭಗಳಿಗೆ ಎದುರಾಗಿ ವಜಾ ಮಾಡಿಕೊಳ್ಳಬಹುದು. ಆ ವರ್ಷ ಸಾಲದಿದ್ದರೆ, ಲೆಕ್ಕವನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸಿದವನು ಮುಂದಿನ 8 ವರ್ಷಗಳವರೆಗೆ ಅದನ್ನು ಮುಂದಕ್ಕೆ ಒಯ್ಯಬಹುದು. ಈ ನಿಯಮವು ಗೂಟಕ್ಕೆ ವಿರುದ್ಧವಾದ ದಿಕ್ಕಿಗೆ ಕೈ ತೋರಿಸುತ್ತದೆಂಬುದನ್ನು ಗಮನಿಸಬೇಕು. ನಷ್ಟದ ಷೇರನ್ನು ಮಾರಿದವನಿಗೆ ಸರಕಾರವು ಸ್ವಲ್ಪ ಸಹಾಯ ಮಾಡುತ್ತದೆ. ಕಾದು ಕುಳಿತವನಿಗೆ ಏನೂ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗೂಟ ಕೀಳುವ ದಾರಿಯನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ. ದಾರಿ ಕಷ್ಟದ್ದಲ್ಲ, ಕ್ರಮವನ್ನು ತಿರುಗಿಸುವುದಷ್ಟೇ. ಬೆಲೆಯನ್ನು ನೋಡುವ ಮೊದಲೇ ಒಂದು ಕಾಗದದ ಮೇಲೆ ಕಂಪೆನಿಯ ಒಟ್ಟು ಷೇರುಗಳೆಷ್ಟು, ಒಟ್ಟು ಸಾಲವೆಷ್ಟು, ಬಡ್ಡಿ ಕೊಟ್ಟ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ಉಳಿದುದೆಷ್ಟು, ಸ್ವಂತದವರ ಸಂಸ್ಥೆಗಳಿಂದ ಬರಬೇಕಾದ ಬಾಕಿಯೆಷ್ಟು ಎಂದು ವಾರ್ಷಿಕ ವರದಿಯಿಂದ ಬರೆದುಕೊಳ್ಳಬೇಕು. ಇಂತಹ ಸಂಸಾರವನ್ನು ಪೂರ್ತಿಯಾಗಿ ಕೊಳ್ಳುವುದಾದರೆ, ಸಾಲವನ್ನೂ ಹೊತ್ತುಕೊಂಡು, ತಾನು ಎಷ್ಟು ಕೊಟ್ಟೇನು ಎಂದು ಅಂದಾಜು ಮಾಡಿ, ಅದರಲ್ಲಿ ಸಾಲವನ್ನು ಕಳೆದು, ಉಳಿದುದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಬೇಕು. ಆಮೇಲೆ ಮಾತ್ರ ಇಂದಿನ ಬೆಲೆಯನ್ನು ನೋಡಬೇಕು. ಈಗಾಗಲೇ ಷೇರನ್ನು ಇಟ್ಟುಕೊಂಡವನು ಇನ್ನೊಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ: ಈ ಷೇರಿನ ಬದಲು ಇದರ ಇಂದಿನ ಬೆಲೆಯಷ್ಟು ನಗದು ನನ್ನ ಕೈಯಲ್ಲಿದ್ದರೆ, ಇಂದು ಇದನ್ನೇ ಕೊಳ್ಳುತ್ತಿದ್ದೆನೆ? ಕೊಳ್ಳುತ್ತಿದ್ದೆನೆಂದರೆ ಇಟ್ಟುಕೊಳ್ಳಲಿ. ಇಲ್ಲವೆಂದರೆ, ಅವನು ಇಟ್ಟುಕೊಂಡಿರುವುದು ಷೇರನ್ನಲ್ಲ, ಹಳೆಯ ಬೆಲೆಯ ನೆನಪನ್ನು.

ಈ ಅಂದಾಜೂ ತಪ್ಪಬಹುದು. ಮೇಲೆ ಹೇಳಿದ 2,693 ಕೋಟಿಯಂತಹದು ಯಾರ ಕಾಗದದ ಮೇಲೂ ಬಾರದೆ ಉಳಿಯಬಹುದು. ಆದರೆ ತಪ್ಪಿದ ಅಂದಾಜನ್ನು ಹೊಸ ಸಂಗತಿ ತಿಳಿದಾಗ ತಿದ್ದಬಹುದು. ಸಾಲ ಏರಿದರೆ ಇಳಿಸಬಹುದು, ತೀರಿದರೆ ಏರಿಸಬಹುದು. ಕೊಂಡ ಬೆಲೆಯನ್ನು ತಿದ್ದುವ ಬಗೆಯಿಲ್ಲ. ಅದು ಕೊಂಡ ದಿನವೇ ಮುಗಿದುಹೋದ ಸಂಗತಿ. ಇಂದು ಆ ಷೇರನ್ನು ಕೊಳ್ಳಲು ಬರುವವನು ನೀವು ಕೊಟ್ಟುದೆಷ್ಟೆಂದು ಕೇಳುವುದಿಲ್ಲ. ಮೂಟೆ ಕೊಳ್ಳುವವನಂತೆ, ಓಟಿ ಎಷ್ಟೆಂದು ಮಾತ್ರ ಕೇಳುತ್ತಾನೆ.